ಫೋಟೋ, ಸಹಿ ಅಪ್‌ಲೋಡ್ ಆಗವಲ್ದು ಯಾಕ? ಪಿಎನ್‌ಜಿ, ವೆಬ್‌ಪಿ, ಜೆಪಿಜಿ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಅರ್ಜಿ ಸೀಸನ್ ಶುರುವಾದ್ರ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಆನ್‌ಲೈನ್ ಸೆಂಟರ್‌ಗಳಾಗ ದಿನಾ ಬರೋ ಪ್ರಶ್ನೆ ಇವು. ನಾನೂ ಅಂಥದ್ದೊಂದು ಸೆಂಟರ್‌ನಾಗ ಕುಂದ್ರಾಂವ, ಒಬ್ಬೊಬ್ಬರಿಗೆ ಬಾಯಿಲೆ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರದೀನಿ. ಮುಖ್ಯವಾಗಿ ಪರೀಕ್ಷೆ ಅರ್ಜಿಗೆ ಹಾಕೋ ಫೋಟೋ ಮತ್ತು ಸಹಿ ಬಗ್ಗೆನ ಹೇಳತೀನಿ, ಉಳಿದದ್ದು ಅದರ ಜೋಡಿ ತಾನ ಬರತೈತಿ.

ಫೈಲ್ ಹೆಸರಿನ ಕೊನಿಗೆ .jpg ಅಂತ ಐತಿ, ಆದ್ರೂ ಪೋರ್ಟಲ್ Invalid file type ಅಂತೈತಿ. ಯಾಕ?

ಹೆಸರಿನಾಗ ಜೆಪಿಜಿ ಐತಿ, ಒಳಗ ಇಲ್ಲ, ಅದಕ್ಕ. ಚೀಲದ ಮ್ಯಾಲ ಸೋನಾ ಮಸೂರಿ ಅಂತ ಅಚ್ಚು ಹಾಕಿದ್ರ ಒಳಗಿನ ಅಕ್ಕಿ ಸೋನಾ ಮಸೂರಿ ಆಗಂಗಿಲ್ಲಲ್ರಿ, ವ್ಯಾಪಾರಸ್ಥ ಚೀಲ ಬಿಚ್ಚಿ ಒಂದ್ ಹಿಡಿ ತಗದು ನೋಡತಾನ. ಪೋರ್ಟಲ್ ಮಾಡೋದೂ ಅದನ್ನ. ಪ್ರತಿ ಇಮೇಜ್ ಫೈಲ್ ಶುರುವಾಗೋ ಮೊದಲ ಕೆಲವು ಬೈಟ್ ಆಯಾ ಫಾರ್ಮ್ಯಾಟಿಗೆ ಫಿಕ್ಸ್ ಇರತಾವ, ಸರ್ವರ್ ಅವನ್ನ ಓದಿ ಇದು ಯಾವುದು ಅಂತ ತಿಳಕೊಂತೈತಿ, ಹೆಸರು ಒಂದು ಹೇಳಿ ಒಳಗ ಇನ್ನೊಂದು ಇದ್ರ ವಾಪಸ್ ಕಳಸತೈತಿ.

ಇದನ್ನ ನೀವೂ ನೋಡಬಹುದು, ಯಾವ ಸಾಫ್ಟ್‌ವೇರೂ ಬೇಕಾಗಿಲ್ಲ. ವಿಂಡೋಸ್‌ನಾಗ ಆ ಫೈಲ್ ಮ್ಯಾಲ ರೈಟ್ ಕ್ಲಿಕ್ ಮಾಡಿ ನೋಟ್‌ಪ್ಯಾಡ್‌ನಾಗ ತಗೀರಿ. ಅರ್ಥ ಆಗದ ಅಕ್ಷರ ರಾಶಿ ಬರತೈತಿ, ಅಂಜಬ್ಯಾಡ್ರಿ, ಮೊದಲನೇ ಸಾಲಿನ ಶುರು ಅಷ್ಟ ನೋಡ್ರಿ. `PNG` ಅಂತ ಕಂಡ್ರ ಅದು ಪಿಎನ್‌ಜಿ. `RIFF` ಅಂತ ಶುರುವಾಗಿ ಸ್ವಲ್ಪ ಮುಂದ `WEBP` ಕಂಡ್ರ ವೆಬ್‌ಪಿ. `JFIF` ಇಲ್ಲಾ `Exif` ಕಂಡ್ರ ಖರೇನ ಜೆಪಿಜಿ. `ftypheic` ಅಂತ ಇದ್ರ ಐಫೋನ್ ಫೋಟೋ. ನೋಡಿ ಆದ ಮ್ಯಾಲ ಸೇವ್ ಮಾಡಬ್ಯಾಡ್ರಿ, ಹಂಗ ಮುಚ್ಚಿಬಿಡ್ರಿ, ನೋಟ್‌ಪ್ಯಾಡ್‌ನಾಗ ಸೇವ್ ಮಾಡಿದ್ರ ಫೋಟೋ ಕೆಟ್ಟು ಹೋಗತೈತಿ. ಲಿನಕ್ಸ್ ಇದ್ದೋರಿಗೆ ಒಂದ ಕಮಾಂಡ್ ಸಾಕು:

```
file photo.jpg
photo.jpg: RIFF (little-endian) data, Web/P image
```

ಹೆಸರು ಜೆಪಿಜಿ, ಒಳಗ ವೆಬ್‌ಪಿ. ಯಾರೋ ರಿನೇಮ್ ಮಾಡಿ ಕೊಟ್ಟಾರ ಅಂತ ಅರ್ಥ. ಕಂಪ್ಯೂಟರ್‌ನಾಗ, ಮೊಬೈಲ್‌ನಾಗ ಇಂಥ ಫೈಲ್ ಆರಾಮಾಗಿ ಓಪನ್ ಆಗತೈತಿ, ಯಾಕಂದ್ರ ಫೋಟೋ ತೋರಿಸೋ ಆಪ್‌ಗಳು ಹೆಸರು ಬಿಟ್ಟು ಒಳಗಿಂದ ನೋಡಿ ತೋರಸತಾವ. ಅದಕ್ಕ "ನನ್ನ ಮೊಬೈಲ್‌ನಾಗ ಚೊಲೋ ಕಾಣತೈತಲ್ಲ" ಅನ್ನೋದು ಏನೂ ಸಾಬೀತು ಮಾಡಂಗಿಲ್ಲ.

ನಾನು ವೆಬ್‌ಪಿ ಅಂತ ಏನೂ ಮಾಡೇ ಇಲ್ಲ, ಅದು ಎಲ್ಲಿಂದ ಬಂತು?

ವೆಬ್‌ಸೈಟಿಂದ. ಗೂಗಲ್‌ನವರು 2010ರಾಗ ಈ ಫಾರ್ಮ್ಯಾಟ್ ತಂದ್ರು, ಅದೇ ಫೋಟೋ ಜೆಪಿಜಿಗಿಂತ ಸಣ್ಣ ಫೈಲ್‌ನಾಗ ಕುಂದ್ರತೈತಿ, ಪೇಜ್ ಲಗೂನ ಓಪನ್ ಆಗತೈತಿ ಅಂತ ಬಹಳ ಸೈಟ್‌ಗಳು ತಮ್ಮ ಫೋಟೋ ಎಲ್ಲಾ ವೆಬ್‌ಪಿ ಮಾಡಿ ಕಳಸತಾವ. ನೀವು ಅಲ್ಲಿ ರೈಟ್ ಕ್ಲಿಕ್ ಮಾಡಿ ಸೇವ್ ಮಾಡಿದ್ರ ನಿಮಗ ಬರೋದೂ ಅದ. ವಾಟ್ಸಾಪ್ ಸ್ಟಿಕ್ಕರ್‌ಗಳೂ ವೆಬ್‌ಪಿನ, ಗೊತ್ತಿರಲಿ.

ಹಂಗಾರ .jfif ಅಂತ ಬಂದದ್ದು ಏನು?

ಇದು ಮಾತ್ರ ಉಲ್ಟಾ ಕೇಸ್, ಇಲ್ಲಿ ರಿನೇಮ್ ಮಾಡಿದ್ರ ನಡಿತೈತಿ. ಜೆಎಫ್‌ಐಎಫ್ ಅಂದ್ರ ಒಳಗ ಅಪ್ಪಟ ಜೆಪಿಜಿನ. ಕೆಲವು ವಿಂಡೋಸ್ ಕಂಪ್ಯೂಟರ್‌ನಾಗ ಒಂದು ಸೆಟ್ಟಿಂಗ್ ಸಲುವಾಗಿ ಬ್ರೌಸರ್ ಆ ಹೆಸರು ಇಟ್ಟು ಸೇವ್ ಮಾಡತೈತಿ. ಕೊನಿಗೆ .jpg ಅಂತ ಬದಲಿಸಿ ಹಾಕ್ರಿ, ಮುಗೀತು. ಇದನ್ನ ನೋಡಿದೋರು "ಅಲ್ಲಿ ನಡೀತು, ವೆಬ್‌ಪಿಗೂ ನಡಿತೈತಿ" ಅಂದ್ಕೊಂಡು ರಿನೇಮ್ ಮಾಡೋ ಚಟ ಹಚ್ಚಿಕೊಂಡಾರ ಅಂತ ನನ್ನ ಅನುಮಾನ.

2010ರಿಂದ ಐತಿ ಅಂದ್ರ ಇಷ್ಟು ವರ್ಷ ಆದ್ರೂ ಪೋರ್ಟಲ್‌ನವರು ವೆಬ್‌ಪಿ ಯಾಕ ತಗೊಳ್ಳಂಗಿಲ್ಲ?

ಎಲ್ಲರೂ ತಗೊಳ್ಳಂಗಿಲ್ಲ ಅಂತಿಲ್ಲ. ವರ್ಡ್‌ಪ್ರೆಸ್ 2021ರಾಗ 5.8 ಆವೃತ್ತಿಯಿಂದ ತಗೊಳಾಕ ಹತ್ತೈತಿ. ಐಫೋನ್‌ನ ಸಫಾರಿ ಬ್ರೌಸರ್ ಸೈತ 2020ರತನಕ ವೆಬ್‌ಪಿ ತೋರಸತಿರಲಿಲ್ಲ, ಹಂಗಾಗಿ ಬಹಳ ಮಂದಿ ಆಗತನಕ ಕಾಯ್ಕೊಂಡು ಕುಂತಿದ್ರು. ಆದ್ರ ಅರ್ಜಿ ಪೋರ್ಟಲ್ ಲೆಕ್ಕನ ಬ್ಯಾರೆ.

ನೀವು ಹಾಕೋ ಫೋಟೋ ಪೋರ್ಟಲ್‌ನಾಗ ಬರೇ ಕುಂದ್ರಂಗಿಲ್ಲ, ಮುಂದ ಅಪ್ಲಿಕೇಶನ್ ಪ್ರಿಂಟ್‌ಗೆ ಹೋಗತೈತಿ, ಹಾಲ್ ಟಿಕೆಟ್‌ಗೆ ಹೋಗತೈತಿ, ಪರೀಕ್ಷಾ ಹಾಲ್‌ನಾಗ ನಿಮ್ಮ ಮುಖಕ್ಕ ಹೊಂದಿಸಿ ನೋಡೋ ಹಾಜರಿ ಪಟ್ಟಿಗೂ ಹೋಗತೈತಿ. ಇವೆಲ್ಲಾ ಸಾಮಾನ್ಯವಾಗಿ ಪಿಡಿಎಫ್. ಪಿಡಿಎಫ್ ಒಳಗ ಜೆಪಿಜಿ ಇದ್ದಕ್ಕಿದ್ದಂಗ, ಬಿಚ್ಚದ, ನೇರ ಕುಂದ್ರತೈತಿ. ಪಿಎನ್‌ಜಿಯನ್ನ ಬಹಳ ಸಲ ಬಿಚ್ಚಿ, ಪಾರದರ್ಶಕ ಭಾಗ ಇದ್ರ ಅದನ್ನ ಬ್ಯಾರೆ ಮಾಡಿ ಕುಂದ್ರಸಬೇಕು. ವೆಬ್‌ಪಿಗೆ ಪಿಡಿಎಫ್‌ನಾಗ ಜಾಗಾನ ಇಲ್ಲ, ಪೂರ್ತಿ ಬಿಚ್ಚಿ ಬ್ಯಾರೆ ರೂಪಕ್ಕ ತರಬೇಕು. ಲಕ್ಷಗಟ್ಟಲೆ ಅರ್ಜಿ ಬರೋ ಕಡೆ ಇಷ್ಟೆಲ್ಲಾ ಯಾರು ಮಾಡತಾರ, "ಜೆಪಿಜಿ ಮಾತ್ರ" ಅಂತ ಒಂದು ಸಾಲು ಬರದ್ರ ಕೆಲಸ ಮುಗೀತು.

ಇನ್ನೊಂದು ಕಾರಣ ಸೆಕ್ಯೂರಿಟಿ. ಒಂದೊಂದು ಫಾರ್ಮ್ಯಾಟ್ ಬಿಚ್ಚಾಕ ಒಂದೊಂದು ಲೈಬ್ರರಿ ಬೇಕು, ಆ ಲೈಬ್ರರಿಯಾಗ ತೂತು ಇದ್ರ ಫೋಟೋ ಹೆಸರಲೆ ಒಳಗ ನುಗ್ಗಬಹುದು. 2023ರ ಸೆಪ್ಟೆಂಬರ್‌ನಾಗ ವೆಬ್‌ಪಿ ಬಿಚ್ಚೋ libwebp ಲೈಬ್ರರಿಯಾಗ ಇಂಥದ್ದ ದೊಡ್ಡ ತೂತು ಸಿಕ್ಕು, ಕ್ರೋಮ್, ಫೈರ್‌ಫಾಕ್ಸ್ ಎಲ್ಲಾ ಅವಸರಲೆ ಅಪ್‌ಡೇಟ್ ಬಿಡಬೇಕಾತು. ಆಮ್ಯಾಲ ಸರಿ ಮಾಡ್ಯಾರ, ಈಗ ವೆಬ್‌ಪಿ ಅಂದ್ರ ಅಪಾಯ ಅಂತಲ್ಲ. ಆದ್ರ ಸರ್ವರ್ ನೋಡ್ಕೊಳ್ಳಾಂವ "ಎರಡು ಬಾಗ್ಲ ಸಾಕು, ಐದು ಬಾಗ್ಲ ಯಾಕ" ಅನ್ನೋದ್ರಾಗ ನ್ಯಾಯ ಐತಿ. ಎಸ್‌ವಿಜಿ ಫೈಲ್ ಬಹಳ ಕಡೆ ಬಂದ್ ಇರೋದೂ ಇದಕ್ಕ, ಅದು ಚಿತ್ರಕ್ಕಿಂತ ಹೆಚ್ಚಾಗಿ ಬರದ ಕೋಡ್ ಇದ್ದಂಗ, ಒಳಗ ಸ್ಕ್ರಿಪ್ಟ್ ಇಡಬಹುದು.

ಪಿಎನ್‌ಜಿ ಹಳೇದು, ಎಲ್ಲರಿಗೂ ಗೊತ್ತಿದ್ದದ್ದು. ಅದನ್ಯಾಕ ಬ್ಯಾಡ ಅಂತಾರ?

ಮೊದಲನೇದು ಸೈಜ್. ಪಿಎನ್‌ಜಿ ಒಂದು ಪಿಕ್ಸೆಲ್ಲೂ ಕಳೀದಂಗ ಇಡತೈತಿ. ಸ್ಕ್ರೀನ್‌ಶಾಟ್, ಲೋಗೋ, ಒಂದೇ ಬಣ್ಣದ ಬಯಲು ಇರೋ ಚಿತ್ರಕ್ಕ ಅದು ಬಹಳ ಚೊಲೋ, ಫೈಲೂ ಸಣ್ಣದಾಗತೈತಿ. ಮುಖದ ಫೋಟೋಕ್ಕ ಹಂಗಾಗಂಗಿಲ್ಲ, ಚರ್ಮದಾಗ, ಕೂದಲಾಗ ಪ್ರತಿ ಪಿಕ್ಸೆಲ್ ಬಣ್ಣ ಒಂಚೂರು ಬ್ಯಾರೆ ಇರತೈತಿ. 200×230 ಪಿಕ್ಸೆಲ್ ಪಾಸ್‌ಪೋರ್ಟ್ ಫೋಟೋ ತಗೊಳ್ರಿ. ಒಟ್ಟು 46,000 ಪಿಕ್ಸೆಲ್, ಒಂದಕ್ಕ ಮೂರು ಬೈಟ್ ಅಂದ್ರ ಹಸಿ ಲೆಕ್ಕ 1,38,000 ಬೈಟ್. ಪಿಎನ್‌ಜಿ ಅದನ್ನ ಒತ್ತಿದ್ರೂ 50 ಕೆಬಿ ಒಳಗ ಬರೋದು ಕಷ್ಟ, ಜೆಪಿಜಿ ಆದ್ರ ಕಣ್ಣಿಗೆ ಗೊತ್ತಾಗದಂಗ ಅದರ ಎಷ್ಟೋ ಕೆಳಗ ಬರತೈತಿ.

ಎರಡನೇದು ಸರ್ವರ್ ಕಡೆಯ ಅಂಜಿಕೆ. ಪೂರ್ತಿ ಬಿಳಿ ಇರೋ 20,000×20,000 ಪಿಕ್ಸೆಲ್ ಪಿಎನ್‌ಜಿ ಫೈಲ್ ನೋಡಾಕ ಬಹಳ ಸಣ್ಣದು, ಬಿಚ್ಚಿದ್ರ ಒಂದೊಂದು ಪಿಕ್ಸೆಲ್‌ಗೆ ನಾಕು ಬೈಟ್ ಲೆಕ್ಕದಾಗ 160 ಕೋಟಿ ಬೈಟ್, ಅಂದ್ರ 1.6 ಜಿಬಿ ಮೆಮೊರಿ ತಿಂತೈತಿ. ಬೇಕಂತಲೆ ಇಂಥ ನಾಕು ಫೈಲ್ ಕಳಿಸಿದ್ರ ಸಣ್ಣ ಸರ್ವರ್ ಕುಂತುಬಿಡತೈತಿ. ಅದಕ್ಕ ಕೆಬಿ ಮಿತಿ ಒಂದ ಸಾಲದು ಅಂತ ಉದ್ದ ಅಗಲಕ್ಕೂ ಮಿತಿ ಹಾಕತಾರ.

ಮೂರನೇದು ಪಾರದರ್ಶಕತೆ, ಅದನ್ನ ಕೆಳಗ ಬ್ಯಾರೆನ ಹೇಳತೀನಿ, ಯಾಕಂದ್ರ ಬಹಳ ಮಂದಿ ಅರ್ಜಿ ಹಾಳಾಗೋದು ಅಲ್ಲೆ.

"ಅಣ್ಣಾ, ನನ್ನ ಸಹಿ ಜಾಗದಾಗ ಕರೇ ಚೌಕ ಬಂದೈತಿ!" ಇದು ಹೆಂಗ?

ಕಾರಟಗಿ ಕಡೆ ಹುಡುಗಿ ಒಬ್ಬಾಕಿ ಬ್ಯಾಂಕ್ ಪರೀಕ್ಷೆ ಅರ್ಜಿ ಹಿಡ್ಕೊಂಡು ಬಂದು ಹಿಂಗ ಕೇಳಿದ್ಲು. ಮೊಬೈಲ್‌ನಾಗ ಸಹಿ ಬಿಳಿ ಹಾಳಿ ಮ್ಯಾಲ ಇದ್ದಂಗ ಚೊಲೋ ಕಾಣತಿತ್ತು, ಅಪ್ಲಿಕೇಶನ್ ಪ್ರಿವ್ಯೂನಾಗ ಮಾತ್ರ ಪೂರ್ತಿ ಕಪ್ಪು. "ಯಾವ ಆಪ್‌ನಾಗ ತಗದಿ ತಂಗಿ?" ಅಂತ ಕೇಳಿದ್ರ, ಹಿಂದಿನ ಹಾಳಿ ತಗದು ಬರೇ ಸಹಿ ಕೊಡೋ ಆಪ್ ಅಂದ್ಲು. ಅಲ್ಲೇ ಗೊತ್ತಾತು.

ಅಂಥ ಆಪ್ ಪಿಎನ್‌ಜಿ ಕೊಡತೈತಿ, ಅದರಾಗ ಇಂಕ್ ಅಷ್ಟ ಇರತೈತಿ, ಉಳಿದ ಜಾಗ ಪಾರದರ್ಶಕ. ಪಿಎನ್‌ಜಿಯಾಗ ಪ್ರತಿ ಪಿಕ್ಸೆಲ್‌ಗೆ ಬಣ್ಣದ ಮೂರು ನಂಬರ್ ಜೋಡಿ ನಾಕನೇದೊಂದು ಇರಬಹುದು, ಇದು ಎಷ್ಟು ಕಾಣಬೇಕು ಅಂತ ಹೇಳೋದು, ಅದಕ್ಕ ಆಲ್ಫಾ ಅಂತಾರ. ಕಾಣದ ಜಾಗಕ್ಕ ಆಲ್ಫಾ ಸೊನ್ನೆ, ಆದ್ರ ಬಣ್ಣದ ಮೂರು ನಂಬರ್ ಅಲ್ಲೂ ಏನಾರ ಇರಲೇಬೇಕಲ್ಲ, ಬಹಳ ಆಪ್‌ಗಳು ಅಲ್ಲಿ 0, 0, 0 ಬರದು ಬಿಡತಾವ. ಮೂರೂ ಸೊನ್ನೆ ಅಂದ್ರ ಕಪ್ಪು. ಜೆಪಿಜಿಗೆ ಆಲ್ಫಾ ಅನ್ನೋದ ಇಲ್ಲ. ಪೋರ್ಟಲ್‌ನವರೋ, ಯಾವುದೋ ಕನ್ವರ್ಟರ್ರೋ ಜೆಪಿಜಿ ಮಾಡೋವಾಗ ಆಲ್ಫಾ ಕಿತ್ತು ಒಗದ್ರ ಅಡಗಿದ್ದ ಕಪ್ಪು ಹೊರಗ ಬರತೈತಿ, ಕಪ್ಪು ಇಂಕಿನ ಸಹಿ ಕಪ್ಪು ಜಾಗದಾಗ ಮುಳುಗಿ ಹೋಗತೈತಿ. ಇಲ್ಲಿ ಪೋರ್ಟಲ್ ಫೈಲ್ ರಿಜೆಕ್ಟ್ ಮಾಡಂಗಿಲ್ಲ ನೋಡ್ರಿ, "ಅಪ್‌ಲೋಡ್ ಸಕ್ಸಸ್" ಅಂತ ಹಸಿರು ಗುರುತು ಬರತೈತಿ, ಪ್ರಿವ್ಯೂ ನೋಡದ ಸಬ್ಮಿಟ್ ಮಾಡಿದೋರ ಅರ್ಜಿ ಕಪ್ಪು ಚೌಕದ ಜೋಡಿನ ಹೋಗತೈತಿ. ರಿಜೆಕ್ಟ್ ಆಗೋದಕ್ಕಿಂತ ಇದು ಕೆಟ್ಟದ್ದು.

ಸುಲಭ ದಾರಿ ಅಂದ್ರ ಬಿಳಿ ಹಾಳಿ ಮ್ಯಾಲ ಕಪ್ಪು ಪೆನ್ನಿಲೆ ಸಹಿ ಮಾಡಿ ಬೆಳಕಿನಾಗ ಮಾಮೂಲಿ ಕ್ಯಾಮೆರಾಲೆ ಫೋಟೋ ತಗದು ಕ್ರಾಪ್ ಮಾಡೋದು. ಇದ್ದ ಪಿಎನ್‌ಜಿನ ಬಳಸಬೇಕು ಅಂದ್ರ ಮೊದಲು ಹಿಂದ ಬಿಳಿ ತುಂಬಬೇಕು, ಆಮ್ಯಾಲ ಜೆಪಿಜಿ ಮಾಡಬೇಕು. ಇಮೇಜ್‌ಮ್ಯಾಜಿಕ್ ಇದ್ದೋರು ಹಿಂಗ ಮಾಡ್ರಿ:

```
magick sahi.png -background white -alpha remove -alpha off -resize 280x120 -quality 95 sahi.jpg
```

`-alpha remove` ಅನ್ನೋದು ಬಿಳಿ ಮ್ಯಾಲ ಸಹಿ ಕುಂದ್ರಿಸಿ ಪಾರದರ್ಶಕತೆ ಮುಗಸತೈತಿ. ಅದನ್ನ ಬಿಟ್ಟು ಬರೇ `-alpha off` ಕೊಟ್ರ ಮತ್ತ ಅದ ಕರೇ ಚೌಕ ಬರಬಹುದು.

280×120 ಯಾಕ? ನೋಟಿಫಿಕೇಶನ್‌ನಾಗ 140×60 ಅಂತ ಐತಲ್ಲ?

ಆ ಹುಡುಗಿಯ ಎರಡನೇ ತಕರಾರ ಇದು. ಐಬಿಪಿಎಸ್‌ನ ನೋಟಿಫಿಕೇಶನ್‌ಗಳಾಗ ಸಹಿಗೆ 140×60 ಪಿಕ್ಸೆಲ್ ಇದ್ರ ಚೊಲೋ, ಫೈಲ್ 10ರಿಂದ 20 ಕೆಬಿ ಒಳಗ ಇರಬೇಕು ಅಂತ ಇರತೈತಿ. ಫೋಟೋಕ್ಕ 200×230, 20ರಿಂದ 50 ಕೆಬಿ. ಈಗ ಲೆಕ್ಕ ಹಾಕ್ರಿ, 140×60 ಅಂದ್ರ 8,400 ಪಿಕ್ಸೆಲ್ ಅಷ್ಟ, ಬಹುಪಾಲು ಬಿಳಿ ಬಯಲು, ಮಾಮೂಲಿ ಕ್ವಾಲಿಟಿಯಾಗ ಜೆಪಿಜಿ ಮಾಡಿದ್ರ ಕೆಲವೇ ಕೆಬಿ ಆಗತೈತಿ, 10 ಮುಟ್ಟಂಗಿಲ್ಲ. ಮಂದಿ "ಸೈಜ್ ಕಮ್ಮಿ ಮಾಡ್ರಿ" ಅಂತ ಬರತಾರ, ಕೇಳಿದ್ರ ಪೋರ್ಟಲ್ ಹೇಳತಿರೋದು ಸೈಜ್ ಸಾಲದು ಅಂತ!

140×60 ಅನ್ನೋದರ ಜೋಡಿ preferred ಅಂತ ಇದ್ರ ಅದು ಕಡ್ಡಾಯ ಅಲ್ಲ, ಕೆಬಿ ಮಿತಿ ಮಾತ್ರ ಕಡ್ಡಾಯ. ಅದಕ್ಕ ಅಳತೆ ಎರಡು ಪಟ್ಟು ಮಾಡಿ 280×120 ಕೊಟ್ರ ಪಿಕ್ಸೆಲ್ ನಾಕು ಪಟ್ಟು ಆಗತಾವ, ಕ್ವಾಲಿಟಿ 95 ಇಟ್ರ 10ರ ಆಸುಪಾಸು ಬರತೈತಿ, ಕಡಿಮಿ ಬಿದ್ರ ಅಗಲ ಇನ್ನೊಂಚೂರು ಏರಿಸ್ರಿ ಇಲ್ಲಾ ಕ್ವಾಲಿಟಿ 100 ಮಾಡ್ರಿ. ಅಳತೆ ಕಡ್ಡಾಯ ಅಂತ ಇದ್ರ ಮಾತ್ರ ಅಳತೆ ಮುಟ್ಟಬ್ಯಾಡ್ರಿ, ಕ್ವಾಲಿಟಿ ಅಷ್ಟ ಏರಿಸಿ ನೋಡ್ರಿ. ಫೋಟೋಕ್ಕೂ ಇದ ಲೆಕ್ಕ. ಒಂದೊಂದು ಪರೀಕ್ಷೆಗೆ ಒಂದೊಂದು ನಿಯಮ ಇರತೈತಿ, ಹೋದ ಸಲದ ಫೈಲ್ ಹಂಗ ಎತ್ತಿ ಹಾಕೋದಕ್ಕಿಂತ ಮೊದಲು ಈ ಸಲದ ನೋಟಿಫಿಕೇಶನ್ ಓದ್ರಿ.

ಫೈಲ್ ತಗೊಂತಾರ, ಆದ್ರ ಒಳಗಿನ ಮಾಹಿತಿ ಕಿತ್ತು ಹಾಕತಾರ. ಯಾಕ?

ಬಹಳ ಪ್ಲಾಟ್‌ಫಾರ್ಮ್‌ಗಳು ನೀವು ಕೊಟ್ಟ ಫೈಲ್ ಇಟ್ಕೊಳ್ಳಂಗ ಇಲ್ಲ. ಬಿಚ್ಚಿ, ಬರೇ ಪಿಕ್ಸೆಲ್ ತಗೊಂಡು, ಹೊಸದಾಗಿ ತಮ್ಮದ ಒಂದು ಫೈಲ್ ಬರೀತಾವ. ಪಿಕ್ಸೆಲ್ ಅಲ್ಲದ್ದೆಲ್ಲಾ ಆ ದಾರಿಯಾಗ ಉದುರಿ ಹೋಗತೈತಿ: ಫೋಟೋ ತಗದ ಜಾಗದ ಜಿಪಿಎಸ್, ತಾರೀಖು, ಮೊಬೈಲ್ ಮಾಡೆಲ್, ಪಿಎನ್‌ಜಿ ಒಳಗ ಬರದಿಟ್ಟ ಟೆಕ್ಸ್ಟ್. ಮನಿಯಾಗ ತಗದ ಫೋಟೋದಾಗ ಮನಿ ಎಲ್ಲಿ ಐತಿ ಅನ್ನೋದೂ ಇರತೈತಿ, ಅದು ಉದುರಿದ್ರ ನಮಗ ಒಳ್ಳೇದ. ಫೋಟೋ ಬಾಲಕ್ಕ ಕೋಡ್ ಕಟ್ಟಿ ಕಳಿಸೋರೂ ಅದಾರ, ಹೊಸದಾಗಿ ಬರದ್ರ ಅದೂ ಹೋಗತೈತಿ.

ಇದಕ್ಕ ಒಳ್ಳೇ ಉದಾಹರಣೆ 2023ರ ಮಾರ್ಚ್‌ನಾಗ ಹೊರಗ ಬಂತು. ಗೂಗಲ್ ಪಿಕ್ಸೆಲ್ ಫೋನ್‌ನಾಗ ಸ್ಕ್ರೀನ್‌ಶಾಟ್ ಕ್ರಾಪ್ ಮಾಡಿದ್ರ, ಸಣ್ಣ ಹೊಸ ಚಿತ್ರ ಹಳೇ ಫೈಲ್ ಮ್ಯಾಲ ಬರದು, ಹಳೇದರ ಬಾಲ ಕತ್ತರಿಸದ ಹಂಗ ಬಿಡತಿತ್ತು. ಪಿಎನ್‌ಜಿ ಮುಗೀತು ಅನ್ನೋ ಗುರುತಿನ ಆಚೆ ಹಳೇ ಚಿತ್ರದ ತುಣುಕು ಉಳಕೊಂಡು, ನೀವು ಕತ್ತರಿಸಿದ ಅಕೌಂಟ್ ನಂಬರ್ ಗೊತ್ತಿದ್ದೋರು ವಾಪಸ್ ತಗೀಬಹುದಿತ್ತು. ಹೊಸದಾಗಿ ಬರಿಯೋ ಪ್ಲಾಟ್‌ಫಾರ್ಮ್‌ಗೆ ಹಾಕಿದೋರು ಬಚಾವ್, ಫೈಲ್ ಇದ್ದಂಗ ಇಡೋ ಕಡೆ ಹಾಕಿದೋರು ಸಿಕ್ಕಿಬಿದ್ರು.

ಕಿತ್ತು ಹಾಕೋದ್ರಿಂದ ಕಾಟಾನೂ ಐತಿ. ಮೊಬೈಲ್ ಫೋಟೋ ಬಹಳ ಸಲ ಅಡ್ಡನ ಸೇವ್ ಆಗಿ, "ತೋರಿಸೋವಾಗ ತಿರುಗಿಸಿ ತೋರಸು" ಅಂತ ಒಂದು ಚೀಟಿ ಒಳಗ ಇರತೈತಿ. ಚೀಟಿ ಹೋದ್ರ ಹಾಲ್ ಟಿಕೆಟ್‌ನಾಗ ನೀವು ಮಲಗಿರತೀರಿ. ಬಹಳಷ್ಟು ಫೋನ್‌ನಾಗ ಗ್ಯಾಲರಿಯಾಗ ಒಂಚೂರು ಕ್ರಾಪ್ ಮಾಡಿ ಸೇವ್ ಕೊಟ್ರ ಪಿಕ್ಸೆಲ್ಲ ತಿರುಗಿ ಕುಂದ್ರತಾವ, ಆಮ್ಯಾಲ ಚೀಟಿ ಹೋದ್ರೂ ಚಿಂತಿಲ್ಲ.

ಭತ್ತ ಬಿದ್ದದ್ದರ ಫೋಟೋ ವಾಟ್ಸಾಪ್‌ನಾಗ ಕಳಿಸಿದ್ದೆ, ಲೊಕೇಶನ್ ಇಲ್ಲ ಅಂತಾರ.

ವಾಟ್ಸಾಪ್‌ನಾಗ ಫೋಟೋ ಅಂತ ಕಳಿಸಿದ್ರ ಅದು ಒತ್ತಿ ಸಣ್ಣದು ಮಾಡಿ ಹೊಸ ಫೈಲ್ ಬರೀತೈತಿ, ಜಿಪಿಎಸ್ ಉದುರತೈತಿ, ಎಚ್‌ಡಿ ಒತ್ತಿದ್ರೂ ಅಷ್ಟ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸ್ರಿ, ಆಗ ಮೂಲ ಫೈಲ್ ಇದ್ದಂಗ ಹೋಗತೈತಿ. ಸ್ಟುಡಿಯೋದೋರಿಂದ ಪಾಸ್‌ಪೋರ್ಟ್ ಫೋಟೋ ತರಿಸಿಕೊಳ್ಳೋವಾಗೂ "ಡಾಕ್ಯುಮೆಂಟ್ ಹಾಕ್ರಿ ಅಣ್ಣಾ" ಅಂತ ಹೇಳ್ರಿ.

ಐಫೋನ್ ಫೋಟೋ ಎಲ್ಲೂ ಹೋಗವಲ್ದು.

ಅದು ಹೆಚ್‌ಇಐಸಿ, 2017ರಿಂದ ಐಫೋನ್ ಹಂಗ ಸೇವ್ ಮಾಡತೈತಿ. ಸೆಟ್ಟಿಂಗ್ಸ್‌ನಾಗ ಕ್ಯಾಮೆರಾ, ಅದರಾಗ ಫಾರ್ಮ್ಯಾಟ್ಸ್ ತಗದು Most Compatible ಇಡ್ರಿ, ಮುಂದ ತಗಿಯೋದೆಲ್ಲಾ ಜೆಪಿಜಿ ಬರತಾವ. ಹಳೇವು ಮಾತ್ರ ಕನ್ವರ್ಟ್ ಮಾಡಬೇಕು.

ಆನ್‌ಲೈನ್ ಕನ್ವರ್ಟರ್ ಸೈಟ್ ಬಳಸಬಹುದಾ?

ಲೋಗೋ, ಹೂವಿನ ಫೋಟೋ ಆದ್ರ ಬಳಸ್ರಿ. ಸಹಿ, ಆಧಾರ್, ಮಾರ್ಕ್ಸ್‌ಕಾರ್ಡ್ ಮಾತ್ರ ಗೊತ್ತಿಲ್ಲದ ಸೈಟ್‌ಗೆ ಹಾಕಬ್ಯಾಡ್ರಿ, ನಿಮ್ಮ ಸಹಿ ಮತ್ತೊಬ್ಬರ ಸರ್ವರ್‌ನಾಗ ಕುಂದ್ರತೈತಿ. squoosh.app ಅಂತ ಒಂದು ಐತಿ, ಕ್ರೋಮ್ ತಂಡದವರು ಮಾಡಿದ್ದು, ಫೋಟೋ ನಿಮ್ಮ ಬ್ರೌಸರ್ ಒಳಗ ಕನ್ವರ್ಟ್ ಆಗತೈತಿ, ಹೊರಗ ಹೋಗಂಗಿಲ್ಲ. ಕ್ವಾಲಿಟಿ ಎಳದಂಗ ಎಷ್ಟು ಕೆಬಿ ಆತು ಅಂತ ಅಲ್ಲೇ ತೋರಸತೈತಿ, ಕೆಬಿ ಮಿತಿ ಹೊಂದಿಸಾಕ ಇದು ಬಹಳ ಅನುಕೂಲ. ವಿಂಡೋಸ್ ಪೇಂಟ್‌ನಾಗ ತಗದು ಸೇವ್ ಆ್ಯಸ್ ಕೊಟ್ಟು JPEG ಆರಿಸಿದ್ರೂ ಕೆಲಸ ಆಗತೈತಿ, ಕ್ವಾಲಿಟಿ ಮಾತ್ರ ನಿಮ್ಮ ಕೈಯಾಗ ಇರಂಗಿಲ್ಲ.

ಹಂಗಾರ ಯಾವಾಗ ಯಾವುದು?

ಮುಖ, ಹೊಲ, ಮದುವಿ, ಹಂಪಿ ಕಲ್ಲು, ಕ್ಯಾಮೆರಾಲೆ ತಗದದ್ದೆಲ್ಲಾ ಜೆಪಿಜಿ. ಅಕ್ಷರ ಇರೋ ಸ್ಕ್ರೀನ್‌ಶಾಟ್, ಅಂಗಡಿ ಲೋಗೋ ಪಿಎನ್‌ಜಿ, ಜೆಪಿಜಿ ಮಾಡಿದ್ರ ಅಕ್ಷರದ ಸುತ್ತ ಹೊಲಸು ಚುಕ್ಕಿ ಬರತಾವ. ವೆಬ್‌ಪಿ ನಿಮ್ಮದ ಸ್ವಂತ ವೆಬ್‌ಸೈಟ್ ಇದ್ರ ಬಳಸ್ರಿ, ಯಾರಿಗಾರ ಕಳಿಸೋ ಫೈಲ್‌ಗೆ ಬ್ಯಾಡ. ಜೆಪಿಜಿಯನ್ನ ಪಿಎನ್‌ಜಿ ಮಾಡಿದ್ರ ಕ್ವಾಲಿಟಿ ವಾಪಸ್ ಬರತೈತಿ ಅಂತ ಹೇಳೋರ ಮಾತು ಕೇಳಬ್ಯಾಡ್ರಿ, ಫೈಲ್ ಉಬ್ಬತೈತಿ ಅಷ್ಟ. ಮೂಲ ಫೋಟೋ ಒಂದು ಕಡೆ ಮುಟ್ಟದಂಗ ಇಟ್ಟು, ಪ್ರತಿ ಅರ್ಜಿಗೂ ಅದರಿಂದನ ಹೊಸ ಜೆಪಿಜಿ ಮಾಡ್ರಿ, ಮಾಡಿದ್ದರ ಮ್ಯಾಲ ಮತ್ತ ಮಾಡಿದ್ರ ಒಂದೊಂದು ಸಲಕ್ಕೂ ಮುಖ ಮಬ್ಬಾಗತ ಹೋಗತೈತಿ.

ಸೆಂಟರ್‌ನ್ಯಾವರು "ಆಗೇತಿ ಹೋಗ್ರಿ" ಅಂದ್ರ ಏನ್ ನೋಡ್ಕೊಂಡು ಹೋಗಬೇಕು?

ಫೈನಲ್ ಸಬ್ಮಿಟ್ ಒತ್ತೋಕಿಂತ ಮೊದಲು ಪ್ರಿವ್ಯೂ ಪೇಜ್ ತೋರಿಸ್ರಿ ಅನ್ರಿ. ಫೋಟೋ ನೆಟ್ಟಗ ಐತಾ, ಸಹಿ ಹಿಂದ ಬಿಳಿ ಐತಾ, ಫೋಟೋ ಜಾಗದಾಗ ಸಹಿ ಹೋಗಿಲ್ಲಲ್ಲ ಅಂತ ನೋಡ್ರಿ. ಬಹಳ ಪರೀಕ್ಷೆಗಳಾಗ ಸಬ್ಮಿಟ್ ಆದ ಮ್ಯಾಲ ಫೋಟೋ ಬದಲಿಸಾಕ ಬರಂಗಿಲ್ಲ, ಫೀಸ್ ಕಟ್ಟಿದ ರಸೀದಿ ಕೈಯಾಗ ಹಿಡ್ಕೊಂಡು ಬಂದ್ರೂ ನಾವು ಏನೂ ಮಾಡಾಕ ಆಗಂಗಿಲ್ಲ.